ಟೂಲ್‌ಗಳ ಪಟ್ಟಿಯಾಚೆ: ಡೇಟಾ ಅನಾಲಿಸ್ಟ್ ಅರ್ಜಿಯನ್ನು ಓದುವ ಬಗೆ

(ಕಾಸರಗೋಡಿನಲ್ಲಿ ಸಣ್ಣ ಉದ್ಯಮಗಳ ಮಾಲೀಕರು ಮತ್ತು ನೇಮಕಾತಿಯ ಕೆಲಸ ನೋಡಿಕೊಳ್ಳುವವರು ಸೇರಿದ್ದ ಕೂಟವೊಂದರಲ್ಲಿ ನೀಡಿದ ಉಪನ್ಯಾಸದ ಬರಹ ರೂಪ. ಕೊನೆಯಲ್ಲಿ ನಡೆದ ಪ್ರಶ್ನೋತ್ತರದಿಂದಲೂ ಒಂದೆರಡನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ನಿಮ್ಮ ಸಂಸ್ಥೆಗೆ ಒಬ್ಬ ಡೇಟಾ ಅನಾಲಿಸ್ಟ್ ಬೇಕು ಎಂದು ಜಾಹೀರಾತು ಕೊಟ್ಟಿದ್ದೀರಿ ಎಂದಿಟ್ಟುಕೊಳ್ಳಿ. ಬಂದ ಅರ್ಜಿಗಳಲ್ಲಿ ಒಂದನ್ನು ತೆರೆದರೆ ಮೇಲ್ಗಡೆಯೇ ಒಂದು ಪಟ್ಟಿ: ಎಕ್ಸೆಲ್, ಎಸ್‌ಕ್ಯೂಎಲ್, ಪೈಥಾನ್, ಪಾಂಡಾಸ್, ನಂಪೈ, ಮ್ಯಾಟ್‌ಪ್ಲಾಟ್‌ಲಿಬ್, ಪವರ್ ಬಿಐ, ಟ್ಯಾಬ್ಲೋ, ಹೀಗೆ ಇನ್ನೂ ಕೆಲವು. ಅದರ ಕೆಳಗೆ ಎರಡು ವರ್ಷದ ಅನುಭವ ಮೂರು ಸಾಲಿನಲ್ಲಿ: ಮಾರಾಟದ ಡ್ಯಾಶ್‌ಬೋರ್ಡ್ ತಯಾರಿಸಿದ್ದೇನೆ, ಡೇಟಾ ಶುದ್ಧಗೊಳಿಸಿದ್ದೇನೆ, ವಾರದ ವರದಿ ಸಿದ್ಧಪಡಿಸಿದ್ದೇನೆ. ಆ ಡ್ಯಾಶ್‌ಬೋರ್ಡನ್ನು ಯಾರು ನೋಡಿದರು, ನೋಡಿ ಏನು ಮಾಡಿದರು, ವ್ಯಾಪಾರದಲ್ಲಿ ಏನಾದರೂ ಬದಲಾಯಿತೇ ಎಂಬ ಸುದ್ದಿಯೇ ಇಲ್ಲ.

ಇಂಥ ಅರ್ಜಿಯನ್ನು ಏನು ಮಾಡಬೇಕು ಎಂಬುದಷ್ಟೇ ಇವತ್ತು ನಾನು ಮಾತನಾಡುವ ವಿಷಯ. ಸಾಮಾನ್ಯವಾಗಿ ನಡೆಯುವುದು ಎರಡು. ನಾಲ್ಕು ಲೇಖನ ಓದಿಕೊಂಡ ಎಚ್‌ಆರ್ ಅಧಿಕಾರಿ, "ಇದರಲ್ಲಿ ಇಂಪ್ಯಾಕ್ಟ್ ಇಲ್ಲ" ಎಂದು ಬದಿಗಿಡುತ್ತಾರೆ. ಓದದವರು ಟೂಲ್‌ಗಳನ್ನು ಎಣಿಸಿ, ಜಾಹೀರಾತಿನಲ್ಲಿ ಕೇಳಿದ ಐದೂ ಇವೆ ಎಂದು ಕರೆಯುತ್ತಾರೆ. ಈ ಎರಡೂ ದಾರಿಗಳಲ್ಲಿ ಎದುರಿಗಿರುವ ಮನುಷ್ಯ ಎಂಥವರು ಎಂಬುದು ತಿಳಿಯದೆಯೇ ತೀರ್ಮಾನ ಮುಗಿದಿರುತ್ತದೆ.

ಪರಿಣಾಮದ ಸಾಲು ಏಕೆ ಇರುವುದಿಲ್ಲ ಎಂಬುದನ್ನು ಮೊದಲು ನೋಡೋಣ. ನಮ್ಮ ಮಂಜೇಶ್ವರ, ಬದಿಯಡ್ಕ, ಪೆರ್ಲ ಕಡೆಯ ಹುಡುಗ ಹುಡುಗಿಯರು ಓದು ಮುಗಿಸಿ ಮಂಗಳೂರಿಗೋ ಬೆಂಗಳೂರಿಗೋ ಹೋಗಿ ಸೇರುವುದು ಹೆಚ್ಚಾಗಿ ಬೇರೆಯವರ ಕೆಲಸವನ್ನು ಗುತ್ತಿಗೆಗೆ ಮಾಡಿಕೊಡುವ ಕಂಪನಿಗಳಿಗೆ. ಅಲ್ಲಿ ಅನಾಲಿಸ್ಟ್ ಆದವರು ಫೈಲ್ ಸಿದ್ಧಪಡಿಸಿ ಕಳುಹಿಸುತ್ತಾರೆ. ಆ ಫೈಲ್ ನೋಡಿ ನಿರ್ಧಾರ ಮಾಡುವವರು ಇನ್ನೊಂದು ಕಂಪನಿಯಲ್ಲಿ, ಎಷ್ಟೋ ಸಲ ಇನ್ನೊಂದು ದೇಶದಲ್ಲಿ ಇರುತ್ತಾರೆ. ಏನಾಯಿತು ಎಂದು ಇವರಿಗೆ ಯಾರೂ ಹೇಳುವುದಿಲ್ಲ. ಹೇಳಿದರೂ ಗೋಪ್ಯತೆಯ ಕರಾರು ಇರುವುದರಿಂದ ಬರೆಯುವಂತಿಲ್ಲ. ಇನ್ನು ತರಬೇತಿ ಕೇಂದ್ರದಲ್ಲಿ ಕೊಟ್ಟ ರೆಸ್ಯೂಮ್ ನಮೂನೆಯನ್ನು ತುಂಬಿದವರು ಆ ನಮೂನೆಯಲ್ಲಿ ಇದ್ದ ಖಾನೆಗಳನ್ನಷ್ಟೇ ತುಂಬಿರುತ್ತಾರೆ. ಮೂರನೆಯ ಗುಂಪೂ ಒಂದಿದೆ, ಅದನ್ನೂ ಒಪ್ಪಿಕೊಳ್ಳಬೇಕು: ಅವರು ಮಾಡಿದ ಕೆಲಸ ನಿಜವಾಗಿಯೂ ಯಾವ ನಿರ್ಧಾರಕ್ಕೂ ತಾಗಲಿಲ್ಲ, ತಾಗಬೇಕು ಎಂದು ಅವರಿಗೆ ಅನಿಸಲೂ ಇಲ್ಲ. ಕಾಗದದ ಮೇಲೆ ಈ ಮೂವರೂ ಒಂದೇ ತರಹ ಕಾಣುತ್ತಾರೆ. ಮೂರನೆಯವರನ್ನು ಮಾತ್ರ ನಾವು ಬೇರ್ಪಡಿಸಬೇಕಾಗಿರುವುದು.

ಹಾಗಾದರೆ ಪರಿಣಾಮ ಬರೆದವರೆಲ್ಲ ಗಟ್ಟಿಗರೇ? ಒಂದು ಅರ್ಜಿಯಲ್ಲಿ, "ನನ್ನ ವಿಶ್ಲೇಷಣೆಯಿಂದ 2024ರ ಸೆಪ್ಟೆಂಬರ್ ಮಾರಾಟ ಹಿಂದಿನ ವರ್ಷಕ್ಕಿಂತ ಶೇಕಡಾ 30 ಹೆಚ್ಚಿತು" ಎಂದಿತ್ತು. ಉತ್ತರ ಕೇರಳದ ಅಂಗಡಿಗಳ ಮಾರಾಟ ಅದು. ಕಾಸರಗೋಡಿನಲ್ಲಿ ಕೂತ ನಿಮಗೆ ಇದರ ಗುಟ್ಟು ಬಿಡಿಸಿ ಹೇಳಬೇಕಾಗಿಲ್ಲ. 2023ರಲ್ಲಿ ತಿರುವೋಣಂ ಬಂದದ್ದು ಆಗಸ್ಟ್ 29ಕ್ಕೆ, 2024ರಲ್ಲಿ ಸೆಪ್ಟೆಂಬರ್ 15ಕ್ಕೆ. ಓಣಂ ಖರೀದಿ ಒಂದು ವರ್ಷ ಆಗಸ್ಟ್ ತಿಂಗಳ ಲೆಕ್ಕಕ್ಕೆ, ಮರುವರ್ಷ ಸೆಪ್ಟೆಂಬರ್ ಲೆಕ್ಕಕ್ಕೆ ಬಿತ್ತು. ಅನಾಲಿಸ್ಟ್ ರಜೆ ಹಾಕಿ ಮನೆಯಲ್ಲಿ ಮಲಗಿದ್ದರೂ ಸೆಪ್ಟೆಂಬರ್ ಮಾರಾಟ ಹೆಚ್ಚುತ್ತಿತ್ತು! ಅಭ್ಯರ್ಥಿಯನ್ನು ನಾವು ಕೇಳಿದ್ದು ಇಷ್ಟೇ: "ಆಗಸ್ಟ್ ಮತ್ತು ಸೆಪ್ಟೆಂಬರ್ ಎರಡನ್ನೂ ಕೂಡಿಸಿ ಹೋಲಿಸಿದರೆ ಎಷ್ಟು ಬರುತ್ತದೆ?" ಆ ಪ್ರಶ್ನೆ ಅವರಿಗೆ ಅದುವರೆಗೆ ಹೊಳೆದೇ ಇರಲಿಲ್ಲ. ಸಂಖ್ಯೆ ಇರುವ ರೆಸ್ಯೂಮ್ ಕೂಡ ಸಂಖ್ಯೆ ಇಲ್ಲದ ರೆಸ್ಯೂಮ್‌ನಷ್ಟೇ ಮೌನವಾಗಿರಬಹುದು, ಕೆಲವೊಮ್ಮೆ ಅದಕ್ಕಿಂತ ಹೆಚ್ಚು ದಾರಿ ತಪ್ಪಿಸಬಹುದು.

ಟೂಲ್‌ಗಳ ಪಟ್ಟಿಯ ಬಗ್ಗೆ ಹೆಚ್ಚು ಹೊತ್ತು ಕಳೆಯುವುದಿಲ್ಲ. ಪಾಂಡಾಸ್, ನಂಪೈ, ಮ್ಯಾಟ್‌ಪ್ಲಾಟ್‌ಲಿಬ್ ಎಂದು ಮೂರು ಸಾಲು ಇದ್ದರೆ ಅದನ್ನು ಪೈಥಾನ್ ಎಂದು ಒಂದೇ ಆಗಿ ಎಣಿಸಿ. ಪವರ್ ಬಿಐ ಮತ್ತು ಟ್ಯಾಬ್ಲೋ ಒಂದೇ ಕೆಲಸವನ್ನು ಮಾಡುವ ಎರಡು ಸಾಧನಗಳು, ಒಂದು ಚೆನ್ನಾಗಿ ಬಂದರೆ ಇನ್ನೊಂದು ಕೆಲವೇ ವಾರಗಳಲ್ಲಿ ಕೈಹತ್ತುತ್ತದೆ. ಎಸ್‌ಕ್ಯೂಎಲ್ ಅಥವಾ ಎಕ್ಸೆಲ್, ಎರಡರಲ್ಲಿ ಒಂದಾದರೂ ಗಟ್ಟಿಯಾಗಿ ಇರಲೇಬೇಕು. ಹೊಸಬರ ಅರ್ಜಿಯಲ್ಲಿ ಪ್ರಾಜೆಕ್ಟ್ ಎಂದು, ಕಲಿಯುವವರೆಲ್ಲ ಅಭ್ಯಾಸಕ್ಕೆ ಬಳಸುವ ಟೈಟಾನಿಕ್ ಪ್ರಯಾಣಿಕರ ಪಟ್ಟಿ ಬಂದೇ ಬರುತ್ತದೆ, 891 ಜನರಲ್ಲಿ ಯಾರು ಬದುಕಿದರು ಎಂಬ ಲೆಕ್ಕ. ಆ ಹಡಗು 1912ರಲ್ಲಿ ಒಂದೇ ಸಲ ಮುಳುಗಿತು, ನಮ್ಮ ಮೇಜಿನ ಮೇಲೆ ವಾರಕ್ಕೊಮ್ಮೆ ಮುಳುಗುತ್ತದೆ. ಅದು ತಪ್ಪೇನಲ್ಲ. ಆದರೆ ಬೇರೆಯವರು ಜೋಡಿಸಿ ತಟ್ಟೆಗೆ ಬಡಿಸಿಟ್ಟ ಡೇಟಾ ಅದು, ಅದರಿಂದ ಕೆಲಸದ ಅಂದಾಜು ಸಿಗುವುದಿಲ್ಲ.

ಅರ್ಜಿದಾರರನ್ನು ಅಳೆಯುವ ಮೊದಲು ನಮ್ಮ ಕಡೆಯದ್ದನ್ನು ಬರೆದುಕೊಳ್ಳಬೇಕು. ಯೋಗ್ಯರೋ ಅಲ್ಲವೋ ಎನ್ನುವಾಗ ಯಾವುದಕ್ಕೆ ಯೋಗ್ಯರು ಎಂಬುದು ತಿಳಿದಿರಬೇಕಲ್ಲ. ನಾನು ಹೇಳುವ ಪ್ರಸಂಗ ಒಂದು ದಿನಸಿ ಸಗಟು ವ್ಯಾಪಾರದ್ದು. ಹೆಸರು ಬೇಡ. ಮಂಜೇಶ್ವರದಿಂದ ಕಾಞಂಗಾಡಿನವರೆಗೆ ಚಿಲ್ಲರೆ ಅಂಗಡಿಗಳಿಗೆ ಮಾಲು ಹಾಕುವವರು, ಗಡಿಯಾಚೆ ತಲಪಾಡಿ, ಉಳ್ಳಾಲದ ಕಡೆಗೂ ಅವರ ವ್ಯಾನ್ ಹೋಗುತ್ತದೆ. ಆಯ್ಕೆಗೆ ನೆರವಾಗಲು ಅವರು ನನ್ನನ್ನು ಕರೆದಿದ್ದರು. ಅವರ ಜಾಹೀರಾತಿನಲ್ಲಿ ಎಂಟು ಟೂಲ್‌ಗಳ ಹೆಸರು ಇತ್ತು, ಎಲ್ಲಿಂದಲೋ ನಕಲು ಮಾಡಿದ್ದು. ನಾನು ಮಾಲೀಕರನ್ನು ಕೇಳಿದೆ: "ಈಗ ಅಂದಾಜಿನ ಮೇಲೆ ಮಾಡುತ್ತಿರುವ ಯಾವ ತೀರ್ಮಾನವನ್ನು ಲೆಕ್ಕ ನೋಡಿ ಮಾಡಬೇಕು ಅಂತಿದ್ದೀರಿ?" ಅವರು ತಡವರಿಸದೆ ಹೇಳಿದರು. ಯಾವ ಅಂಗಡಿಗೆ ಇನ್ನು ಸಾಲದಲ್ಲಿ ಮಾಲು ಕೊಡಬಹುದು, ಯಾರಿಗೆ ನಿಲ್ಲಿಸಬೇಕು. ಯಾವ ಲೈನಿಗೆ ವಾರಕ್ಕೆ ಎಷ್ಟು ಸಲ ವ್ಯಾನ್ ಕಳುಹಿಸಬೇಕು. ಓಣಂಗೆ ಮೊದಲು ಎಷ್ಟು ಮಾಲು ತರಿಸಬೇಕು. ಮುಗಿಯಿತು, ಹುದ್ದೆಯ ವಿವರಣೆ ಅದೇ. ಎಂಟು ಟೂಲ್‌ಗಳ ಪಟ್ಟಿಯನ್ನು ಹರಿದು ಹಾಕಿ, ಈ ಮೂರು ತೀರ್ಮಾನಗಳಿಗೆ ಯಾರು ಒದಗುತ್ತಾರೆ ಎಂದು ಹುಡುಕಿದೆವು.

ಅದರಲ್ಲಿ ನೀರ್ಚಾಲಿನ ಕಡೆಯ ಒಬ್ಬ ಹುಡುಗಿಯ ಅರ್ಜಿ ಇತ್ತು. ನಾನು ಆರಂಭದಲ್ಲಿ ಹೇಳಿದಂಥದ್ದೇ ಪಟ್ಟಿ, ಅಂಥದ್ದೇ ಮೂರು ಸಾಲು. ಬೇಕರಿ ತಿನಿಸುಗಳನ್ನು ಅಂಗಡಿಗಳಿಗೆ ಹಂಚುವ ಸಂಸ್ಥೆಯೊಂದರಲ್ಲಿ ಎರಡು ವರ್ಷ ಕೆಲಸ. ಅವಳ ಜೊತೆ ಫೋನಿನಲ್ಲಿ ಅರ್ಧ ಗಂಟೆ ಮಾತನಾಡಿದೆವು, ಒಂದೇ ಒಂದು ಪ್ರಾಜೆಕ್ಟ್ ಬಗ್ಗೆ. ಒಂದು ಎನ್ನುವುದನ್ನು ಒತ್ತಿ ಹೇಳುತ್ತೇನೆ. ಐದು ಪ್ರಾಜೆಕ್ಟ್‌ಗಳ ಬಗ್ಗೆ ಐದೈದು ನಿಮಿಷ ಕೇಳಿದರೆ ಕಂಠಪಾಠ ಸಾಕಾಗುತ್ತದೆ. ಒಂದರ ಬಗ್ಗೆ ಅರ್ಧ ಗಂಟೆ ಕೇಳಿದರೆ ಸಾಲುವುದಿಲ್ಲ.

"ನೀವು ಮಾಡಿದ ಮಾರಾಟದ ಡ್ಯಾಶ್‌ಬೋರ್ಡನ್ನು ಯಾರು ತೆರೆದು ನೋಡುತ್ತಿದ್ದರು? ಒಂದು ವಾರ ಅದು ನಿಂತುಹೋಗಿದ್ದರೆ ನಿಮಗೆ ಯಾರು ಫೋನ್ ಮಾಡುತ್ತಿದ್ದರು?"

"ಸೇಲ್ಸ್ ಮ್ಯಾನೇಜರ್, ಸರ್. ಸೋಮವಾರ ಬೆಳಿಗ್ಗೆ. ಒಂಬತ್ತೂವರೆಗೆ ಬರದಿದ್ದರೆ ಕೇಳುತ್ತಿದ್ದರು."

"ಏನಕ್ಕೆ?"

"ಯಾವ ಸೇಲ್ಸ್‌ಮನ್ ಮುಂದಿದ್ದಾನೆ ಎಂದು ನೋಡಲು. ಪ್ರೋತ್ಸಾಹಧನ ಅದರ ಮೇಲೆ ಇತ್ತು."

"ಅದರಲ್ಲಿ ಮಾರಾಟ ಎಂದರೆ ಬಿಲ್ ಆದದ್ದೋ, ಅಂಗಡಿಯಲ್ಲಿ ಖರ್ಚಾದದ್ದೋ?"

ಇಲ್ಲಿ ಅವಳು ತುಸು ನಿಂತಳು. ಆಮೇಲೆ ಬಂದದ್ದೇ ನಿಜವಾದ ಕಥೆ. ಮೊದಲು ಬಿಲ್ ಆದದ್ದನ್ನೇ ಮಾರಾಟ ಎಂದು ತೋರಿಸುತ್ತಿದ್ದರು. ಖರ್ಚಾಗದೆ ವಾಪಸು ಬಂದ ಮಾಲಿನ ಲೆಕ್ಕ ಬೇರೆ ಹಾಳೆಯಲ್ಲಿ ಇತ್ತು. ಒಬ್ಬ ಸೇಲ್ಸ್‌ಮನ್ ಪ್ರತಿ ತಿಂಗಳೂ ಮೊದಲನೆಯವನಾಗುತ್ತಿದ್ದ. ತಿಂಗಳ ಕೊನೆಯ ವಾರ ಅಂಗಡಿಗಳಿಗೆ ಹೆಚ್ಚು ಮಾಲು ಹಾಕುವುದು, ಮುಂದಿನ ತಿಂಗಳ ಮೊದಲ ವಾರ ಅರ್ಧದಷ್ಟು ವಾಪಸು ತರುವುದು ಅವನ ಕ್ರಮ. ಇವಳು ವಾಪಸು ಬಂದದ್ದನ್ನು ಯಾವ ತಿಂಗಳು ಬಿಲ್ ಆಗಿತ್ತೋ ಅದೇ ತಿಂಗಳಿನಿಂದ ಕಳೆದು ತೋರಿಸಿದಳು. ಅವನು ಪಟ್ಟಿಯ ನಡುವಿಗೆ ಇಳಿದ. ಎರಡು ತಿಂಗಳ ನಂತರ ಮ್ಯಾನೇಜರ್ ಪ್ರೋತ್ಸಾಹಧನವನ್ನು ವಾಪಸು ಕಳೆದ ಮೊತ್ತದ ಮೇಲೆ ಲೆಕ್ಕ ಹಾಕಲು ಆರಂಭಿಸಿದರು.

"ಇದನ್ನು ಏಕೆ ಬರೆಯಲಿಲ್ಲ?" ಎಂದು ಕೇಳಿದೆ.

"ಅದು ಮ್ಯಾನೇಜರ್ ಮಾಡಿದ ತೀರ್ಮಾನ ಅಲ್ಲವಾ ಸರ್? ನಾನು ಲೆಕ್ಕ ಮಾತ್ರ ಕೊಟ್ಟದ್ದು."

ನೋಡಿ, ನಮ್ಮೂರಿನ ಮಕ್ಕಳ ರೆಸ್ಯೂಮ್ ಬಡವಾಗಿ ಕಾಣುವುದಕ್ಕೆ ಈ ಸಂಕೋಚವೂ ಒಂದು ಕಾರಣ. ಇನ್ನೊಬ್ಬರ ತೀರ್ಮಾನವನ್ನು ತನ್ನದೆಂದು ಹೇಳಿಕೊಳ್ಳಬಾರದು ಎಂಬ ಮರ್ಯಾದೆ ಅದು. ಅದನ್ನು ಸಾಮರ್ಥ್ಯದ ಕೊರತೆ ಎಂದು ಓದಿದರೆ ನಷ್ಟ ನಮಗೆ.

ಆದರೆ ಕಥೆ ಚೆನ್ನಾಗಿದೆ ಎಂದು ಅಲ್ಲಿಗೇ ನಂಬಬೇಕಾಗಿಲ್ಲ. ತಂಡದಲ್ಲಿ ಬೇರೆ ಯಾರೋ ಮಾಡಿದ್ದನ್ನು ಕೇಳಿಸಿಕೊಂಡು ಹೇಳುವವರೂ ಇರುತ್ತಾರೆ. ಅದನ್ನು ಕಂಡುಹಿಡಿಯಲು ನಾನು ಬಳಸುವ ಪ್ರಶ್ನೆ ಒಂದೇ: ಲೆಕ್ಕಕ್ಕೆ ಸಿಗದೆ ಉಳಿದದ್ದು ಏನು? ಅವಳನ್ನು ಹೀಗೆ ಕೇಳಿದೆ: "ವಾಪಸು ಚೀಟಿಯಲ್ಲಿ ಬಿಲ್ ನಂಬರ್ ಇತ್ತೇ? ಇಲ್ಲದಿದ್ದರೆ ಯಾವ ತಿಂಗಳಿನ ಬಿಲ್ ಎಂದು ಹೇಗೆ ಗೊತ್ತಾಯಿತು?" ಬಿಲ್ ನಂಬರ್ ಇರಲಿಲ್ಲ. ಅದೇ ಅಂಗಡಿಗೆ ಅದೇ ತಿನಿಸು ವಾಪಸಿಗಿಂತ ಮೊದಲು ಕೊನೆಯ ಸಲ ಯಾವ ಬಿಲ್‌ನಲ್ಲಿ ಹೋಗಿತ್ತೋ ಅದಕ್ಕೆ ಜೋಡಿಸಿದ್ದಳು. ಹೆಚ್ಚುಕಡಿಮೆ ಹತ್ತರಲ್ಲಿ ಒಂದು ಚೀಟಿ ಯಾವುದಕ್ಕೂ ಹೊಂದಲಿಲ್ಲ. ಅವನ್ನು ಯಾರ ಹೆಸರಿಗೂ ಹಾಕದೆ ಬೇರೆ ಸಾಲಿನಲ್ಲಿ ತೋರಿಸಿ, ಕೆಳಗೆ ಟಿಪ್ಪಣಿ ಬರೆದಿದ್ದಳು. ಸ್ವತಃ ಕೂತು ಮಾಡಿದವರಿಗೆ ಮಾತ್ರ ಇಂಥ ಉಳಿಕೆಗಳು ನೆನಪಿರುತ್ತವೆ. ಕೇಳಿಸಿಕೊಂಡು ಹೇಳುವವರ ಕಥೆಯಲ್ಲಿ ಎಲ್ಲವೂ ಸರಿಯಾಗಿ ಹೊಂದಿಕೊಂಡಿರುತ್ತದೆ.

ಅವಳು ಒಂದು ರೂಪಾಯಿ ಲಾಭದ ಮೊತ್ತವನ್ನೂ ಹೇಳಲಿಲ್ಲ ಎಂಬುದನ್ನು ಗಮನಿಸಿ. ಕೇಳಿದ್ದರೂ ಹೇಳಲು ಆಗುತ್ತಿರಲಿಲ್ಲ, ಲಾಭದ ಲೆಕ್ಕ ಅವಳ ಕೈಗೆ ಬರುತ್ತಲೇ ಇರಲಿಲ್ಲ. ಎರಡು ಮೂರು ವರ್ಷದ ಅನುಭವದವರಲ್ಲಿ ನಾನು ಹುಡುಕುವುದು ಆ ಮೊತ್ತವನ್ನಲ್ಲ. ತಾನು ಕೊಟ್ಟ ಅಂಕಿ ಯಾರ ಕೈಗೆ ಹೋಯಿತು, ಅಲ್ಲಿಂದ ಯಾವ ತೀರ್ಮಾನಕ್ಕೆ ಹೋಯಿತು ಎಂಬ ದಾರಿ ಗೊತ್ತಿದೆಯೇ ಎಂಬುದನ್ನು. ದಾರಿ ಗೊತ್ತಿಲ್ಲದವರ ಉತ್ತರ ಬೇಗ ಗೊತ್ತಾಗುತ್ತದೆ. ಯಾರು ನೋಡುತ್ತಿದ್ದರು ಎಂದರೆ "ಮ್ಯಾನೇಜ್‌ಮೆಂಟ್" ಎನ್ನುತ್ತಾರೆ. ಯಾವ ಮ್ಯಾನೇಜರ್ ಎಂದರೆ "ಟೀಮ್ ಲೀಡ್‌ಗೆ ಕಳುಹಿಸುತ್ತಿದ್ದೆ" ಎನ್ನುತ್ತಾರೆ. ಮಾರಾಟ ಎಂದರೆ ಏನು ಎಂದರೆ ಟೇಬಲ್‌ನಲ್ಲಿದ್ದ ಕಾಲಂನ ಹೆಸರು ಹೇಳುತ್ತಾರೆ. ಗುತ್ತಿಗೆ ಕಂಪನಿಯಲ್ಲಿ ದುಡಿದವರಿಗೆ ಇಲ್ಲೊಂದು ರಿಯಾಯಿತಿ ಕೊಡಬೇಕು. ಏನಾಯಿತು ಎಂದು ಅವರಿಗೆ ಗೊತ್ತಿರಲಿಕ್ಕಿಲ್ಲ, ಹಾಗಾಗಿ "ನಿಮ್ಮ ಅಂದಾಜಿನಲ್ಲಿ ಅವರು ಇದನ್ನು ಏನಕ್ಕೆ ಕೇಳಿರಬಹುದು?" ಎಂದು ಕೇಳಿ. ಯೋಚಿಸಿದವರು ಎರಡಾದರೂ ಸಾಧ್ಯತೆ ಹೇಳುತ್ತಾರೆ.

ಇಷ್ಟಾದ ಮೇಲೆ ಕೈಯಲ್ಲಿ ಕೆಲಸ ಮಾಡಿಸಿ ನೋಡಬೇಕು. ಮಾತು ಬಲ್ಲವರಿಗೆ ಲೆಕ್ಕ ಬರದಿರುವುದೂ ಉಂಟು. ನಾವು ಸುಮಾರು ಇನ್ನೂರು ಬಿಲ್‌ಗಳ ಒಂದು ಹಾಳೆ ಮತ್ತು ಅವಕ್ಕೆ ಬಂದ ಹಣದ ರಶೀದಿಗಳ ಇನ್ನೊಂದು ಹಾಳೆ ಮಾಡಿದೆವು. ಅಂಕಿಗಳೆಲ್ಲ ಕಲ್ಪಿತ, ತೊಡಕುಗಳು ಮಾತ್ರ ನಿಜವಾದ ವ್ಯಾಪಾರದವು. ಒಂದು ಗಂಟೆ ಸಮಯ, ಎಕ್ಸೆಲ್ ಅಥವಾ ಎಸ್‌ಕ್ಯೂಎಲ್ ಯಾವುದಾದರೂ ಸರಿ. ಪ್ರಶ್ನೆ ಮಾಲೀಕರದ್ದೇ: ಯಾವ ಅಂಗಡಿಗಳಿಗೆ ಇನ್ನು ಸಾಲ ನಿಲ್ಲಿಸಬೇಕು? ಜೊತೆಗೆ ಒಂದು ಚೀಟಿಯಲ್ಲಿ ಬಿಲ್ ಪುಸ್ತಕದ ಒಟ್ಟು ಮೊತ್ತ ಬರೆದು ಮೇಜಿನ ಮೇಲೆ ಇಟ್ಟೆವು. ಅದನ್ನು ಏನು ಮಾಡಬೇಕೆಂದು ಹೇಳಲಿಲ್ಲ.

ಈ ಪರೀಕ್ಷೆಯ ಒಳಗುಟ್ಟನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಏಕೆಂದರೆ ಟೂಲ್ ಬರುವವರಿಗೂ ಕೆಲಸ ಬರುವವರಿಗೂ ಇರುವ ವ್ಯತ್ಯಾಸ ಇಲ್ಲಿ ಬರಿಗಣ್ಣಿಗೆ ಕಾಣುತ್ತದೆ. ಎಸ್‌ಕ್ಯೂಎಲ್ ಕಲಿತ ಹೆಚ್ಚಿನವರು ಮೊದಲಿಗೆ ಬರೆಯುವುದು ಹೀಗೆ, ಪ್ರತಿ ಬಿಲ್‌ಗೆ ಅದರ ರಶೀದಿಗಳನ್ನು ಜೋಡಿಸಿ ಅಂಗಡಿವಾರು ಕೂಡಿಸುವ ಆಜ್ಞೆ:

```sql
SELECT b.shop_id,
       SUM(b.amount) AS billed,
       SUM(r.amount) AS received
FROM bills b
LEFT JOIN receipts r ON r.bill_id = b.bill_id
GROUP BY b.shop_id;
```

ಇದು ಎಲ್ಲೂ ತಪ್ಪು ಎಂದು ಕೂಗುವುದಿಲ್ಲ, ಉತ್ತರ ಕೊಡುತ್ತದೆ. ಈಗ ಒಂದು ಅಂಗಡಿಯನ್ನು ತೆಗೆದುಕೊಳ್ಳಿ. ಅದಕ್ಕೆ ಎರಡು ಬಿಲ್. ಒಂದು 12,000 ರೂಪಾಯಿಯದ್ದು, ಅದನ್ನು ಅಂಗಡಿಯವರು 5,000, 4,000, 3,000 ಎಂದು ಮೂರು ಕಂತಿನಲ್ಲಿ ಪೂರ್ತಿ ಕಟ್ಟಿದ್ದಾರೆ. ಇನ್ನೊಂದು ಕಳೆದ ವಾರದ 8,000 ರೂಪಾಯಿಯದ್ದು, ಇನ್ನೂ ಕಟ್ಟಿಲ್ಲ. ನಿಜವಾದ ಬಾಕಿ 8,000. ಆದರೆ ಮೂರು ರಶೀದಿಗೆ ಜೋಡಿಸುವಾಗ 12,000ದ ಬಿಲ್ ಮೂರು ಸಲ ಬರುತ್ತದೆ. ಬಿಲ್ ಮೊತ್ತ 36,000 ಮತ್ತು 8,000 ಸೇರಿ 44,000 ಆಗುತ್ತದೆ. ಬಂದ ಹಣ 12,000ವೇ ಇರುತ್ತದೆ. ಬಾಕಿ 32,000 ಎಂದು ತೋರಿಸುತ್ತದೆ!

ಎಕ್ಸೆಲ್‌ನಲ್ಲಿ ಮಾಡಿದವರು ಇನ್ನೊಂದು ದಿಕ್ಕಿನಲ್ಲಿ ಬೀಳುತ್ತಾರೆ. `VLOOKUP` ಮೊದಲು ಸಿಕ್ಕ ರಶೀದಿಯನ್ನು ಮಾತ್ರ ತರುತ್ತದೆ. ಮೊದಲ ರಶೀದಿ 5,000ದ್ದಾದರೆ ಆ ಬಿಲ್‌ನಲ್ಲಿ ಇನ್ನೂ 7,000 ಬಾಕಿ ಎಂದು ಕಾಣುತ್ತದೆ, ಒಟ್ಟು ಬಾಕಿ 15,000 ಎಂದು ಬರುತ್ತದೆ. ಬಿಲ್‌ಗೆ ಬಂದ ಎಲ್ಲ ರಶೀದಿಗಳನ್ನು ಮೊದಲು ಕೂಡಿಸಿಕೊಂಡು, ಆಮೇಲೆ ಬಿಲ್‌ಗೆ ಜೋಡಿಸಿದರೆ ಎರಡೂ ಕಡೆ ಸರಿಯಾಗುತ್ತದೆ. ಎಕ್ಸೆಲ್‌ನಲ್ಲಿ ಅದಕ್ಕೆ `SUMIFS` ಸಾಕು.

ಈ ತಪ್ಪಿನ ಹಾನಿ ಎಲ್ಲರಿಗೂ ಸಮನಾಗಿ ಹಂಚುವುದಿಲ್ಲ ಎಂಬುದು ಮುಖ್ಯ. ಒಂದೇ ಸಲ ಹಣ ಕಟ್ಟುವ ಅಂಗಡಿಯ ಲೆಕ್ಕ ಸರಿಯಾಗಿಯೇ ಇರುತ್ತದೆ, ಒಂದು ಪೈಸೆಯನ್ನೂ ಕಟ್ಟದವರದ್ದೂ ಸರಿಯಾಗಿರುತ್ತದೆ. ವಾರವಾರ ಸ್ವಲ್ಪಸ್ವಲ್ಪ ಕಟ್ಟಿ ಬಿಲ್ ತೀರಿಸುವ ಸಣ್ಣ ಅಂಗಡಿಯವರು ಮಾತ್ರ ದೊಡ್ಡ ಬಾಕಿದಾರರಾಗಿ ಪಟ್ಟಿಯ ತುದಿಗೆ ಏರುತ್ತಾರೆ. ಸಾಲ ನಿಲ್ಲಿಸುವುದು ಅವರಿಗೇ. ನಿಯತ್ತಿನ ಗಿರಾಕಿ ಬೇಸರಗೊಂಡು ಬೇರೆ ಸಗಟು ವ್ಯಾಪಾರಿಯನ್ನು ಹಿಡಿಯುತ್ತಾರೆ. ಅಂಕಿ ಚೆಂದದ ಡ್ಯಾಶ್‌ಬೋರ್ಡ್‌ನಲ್ಲಿ ಬಣ್ಣ ತುಂಬಿಕೊಂಡು ಬಂದರೆ ಯಾರಿಗೂ ಅನುಮಾನವೂ ಬರುವುದಿಲ್ಲ.

ಆದ್ದರಿಂದ ನಾವು ನೋಡುತ್ತಿದ್ದದ್ದು ಮೊದಲ ಪ್ರಯತ್ನದಲ್ಲೇ ಸರಿಯಾಗಿ ಬರೆದರೋ ಎಂಬುದನ್ನಲ್ಲ. ಬಂದ ಒಟ್ಟು ಮೊತ್ತವನ್ನು ಮೇಜಿನ ಮೇಲಿನ ಚೀಟಿಯ ಜೊತೆ ತಾಳೆ ನೋಡಿದರೋ ಎಂಬುದನ್ನು. ನೀರ್ಚಾಲಿನ ಹುಡುಗಿ ಮೊದಲು `VLOOKUP` ಹಾಕಿದಳು, ತಪ್ಪು ಉತ್ತರ ಬಂತು. ಅವಳ ಬಿಲ್ ಮೊತ್ತ ಚೀಟಿಗೆ ಸರಿಹೊಂದುತ್ತಿತ್ತು, ಆದರೂ ಅವಳು ಅಲ್ಲಿಗೆ ನಿಲ್ಲದೆ ರಶೀದಿ ಹಾಳೆಯನ್ನು ಬೇರೆಯಾಗಿ ಕೂಡಿಸಿ, ತಾನು ಜೋಡಿಸಿದ ಹಣಕ್ಕಿಂತ ಅದು ಹೆಚ್ಚಿದೆ ಎಂದು ಕಂಡುಹಿಡಿದಳು. ಎಲ್ಲಿ ಬಿಟ್ಟುಹೋಯಿತು ಎಂದು ಹುಡುಕಿ ತಿದ್ದಿಕೊಂಡಳು. ಅದೇ ದಿನ ಬಂದ ಇನ್ನೊಬ್ಬರು ಪೈಥಾನ್‌ನಲ್ಲಿ ಹತ್ತು ನಿಮಿಷಕ್ಕೆ ಮುಗಿಸಿ, ಉಳಿದ ಐವತ್ತು ನಿಮಿಷ ಗ್ರಾಫ್‌ನ ಬಣ್ಣ ಆರಿಸಿದರು. ಚೀಟಿಯನ್ನು ಕೈಯಲ್ಲಿ ಹಿಡಿದೂ ನೋಡಲಿಲ್ಲ.

ಎರಡನೆಯ ತೊಡಕು ನಮ್ಮ ಗಡಿನಾಡಿನದ್ದೇ. ಒಂದೇ ಅಂಗಡಿಯ ಊರನ್ನು ಒಬ್ಬ ಬಿಲ್ ಗುಮಾಸ್ತ `Manjeshwar` ಎಂದು ಹೊಡೆದಿದ್ದಾನೆ, ಇನ್ನೊಬ್ಬ `Manjeshwaram` ಎಂದು. `Kumble` ಮತ್ತು `Kumbla` ಕೂಡ ಹಾಗೆ. ಕಂಪ್ಯೂಟರಿಗೆ ಅವು ಎರಡು ಊರು, ಎರಡು ಅಂಗಡಿ. ಬಾಕಿ ಎರಡು ಕಡೆ ಒಡೆದುಹೋಗುತ್ತದೆ, ದೊಡ್ಡ ಬಾಕಿದಾರ ಇಬ್ಬರು ಸಣ್ಣವರಾಗಿ ತಪ್ಪಿಸಿಕೊಳ್ಳುತ್ತಾನೆ. ಹೊರಗಿನಿಂದ ಬಂದ ಅನಾಲಿಸ್ಟ್‌ಗೆ ಇದು ಹೊಳೆಯಲು ಹೊತ್ತು ಹಿಡಿಯುತ್ತದೆ, ಬಸ್ಸಿನ ಬೋರ್ಡಿನಲ್ಲಿ ಎರಡೂ ಹೆಸರು ಓದಿ ಬೆಳೆದವರಿಗೆ ಕೂಡಲೇ ಹೊಳೆಯುತ್ತದೆ. ಹೆಸರಿನ ಬದಲು ಜಿಎಸ್‌ಟಿ ಸಂಖ್ಯೆಯನ್ನು ಹಿಡಿದರೆ ಅಂಗಡಿ ಒಂದೇ ಎಂದು ಗೊತ್ತಾಗುತ್ತದೆ. ಅದರ ಮೊದಲ ಎರಡು ಅಂಕಿ ರಾಜ್ಯದ್ದು, ಕೇರಳಕ್ಕೆ 32, ಕರ್ನಾಟಕಕ್ಕೆ 29. ಆದರೆ ಸಣ್ಣ ಅಂಗಡಿಗಳಲ್ಲಿ ಹಲವಕ್ಕೆ ಜಿಎಸ್‌ಟಿ ನೋಂದಣಿಯೇ ಇರುವುದಿಲ್ಲ, ಅಲ್ಲಿ ಫೋನ್ ನಂಬರನ್ನು ಹಿಡಿಯಬೇಕು. ಇದನ್ನು ಸ್ವತಃ ಯೋಚಿಸಿದವರಿಗೆ ಒಂದು ಅಂಕ ಹೆಚ್ಚು. ಎಲ್ಲರೂ ಯೋಚಿಸಲೇಬೇಕು ಎಂದೇನೂ ನಾವು ಬಯಸಲಿಲ್ಲ.

ಪರೀಕ್ಷೆಯ ಕೊನೆಯ ಭಾಗ, ಮಾಲೀಕರಿಗೆ ಐದು ಸಾಲಿನ ಟಿಪ್ಪಣಿ, ಕನ್ನಡದಲ್ಲಿ. ಅಲ್ಲಿ ಅವಳು ಬರೆಯುವ ಮೊದಲು ನಮ್ಮನ್ನು ಕೇಳಿದಳು, "ನೀವು ಎಷ್ಟು ದಿನದ ಸಾಲ ಕೊಡುವುದು?" ನಮ್ಮ ಉತ್ತರ: ಇಪ್ಪತ್ತೊಂದು ದಿನ. ಹಾಗಾದರೆ ಕಳೆದ ವಾರದ ಆ 8,000ವನ್ನು ತಡವಾದ ಬಾಕಿ ಎನ್ನುವಂತಿಲ್ಲ, ಗಡುವು ಇನ್ನೂ ಬಂದಿಲ್ಲ. ಆ ಅಂಗಡಿ ಒಳ್ಳೆಯ ಗಿರಾಕಿಗಳ ಪಟ್ಟಿಗೆ ಹೋಯಿತು. ಯಾವ ಟೂಲ್‌ನಲ್ಲೂ ಈ ಪ್ರಶ್ನೆ ಇಲ್ಲ. ಮೂರು ತೀರ್ಮಾನಗಳಲ್ಲಿ ಮೊದಲನೆಯದಕ್ಕೆ ಅವಳು ಒದಗುತ್ತಾಳೆ ಎಂದು ನನಗೆ ಖಾತ್ರಿಯಾದದ್ದು ಆಗ.

ಅಂಕ ಹಾಕುವ ಬಗ್ಗೆ ಒಂದು ಮಾತು. ಎಲ್ಲರಿಗೂ ಅವೇ ಪ್ರಶ್ನೆ, ಅದೇ ಹಾಳೆ, ಅಷ್ಟೇ ಸಮಯ ಕೊಡಿ. ಯಾವ ಉತ್ತರಕ್ಕೆ ಎಷ್ಟು ಎಂದು ಮೊದಲೇ ಬರೆದಿಡಿ. ಉದಾಹರಣೆಗೆ ಒಟ್ಟು ಮೊತ್ತ ತಾಳೆ ನೋಡದಿದ್ದರೆ ಸೊನ್ನೆ, ನೋಡಿ ವ್ಯತ್ಯಾಸ ಕಂಡು ಸುಮ್ಮನಿದ್ದರೆ ಒಂದು, ಕಾರಣ ಹುಡುಕಿದರೆ ಎರಡು, ತಿದ್ದಿ ಟಿಪ್ಪಣಿಯಲ್ಲಿ ಹೇಳಿದರೆ ಮೂರು. ಸಂದರ್ಶನ ಮಾಡಿದ ಇಬ್ಬರೂ ಪರಸ್ಪರ ಮಾತನಾಡುವ ಮೊದಲೇ ತಮ್ಮ ಅಂಕ ಬರೆಯಬೇಕು. ಇದು ನನ್ನ ಹಟವಲ್ಲ. 1998ರಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರಾದ ಫ್ರಾಂಕ್ ಶ್ಮಿಟ್ ಮತ್ತು ಜಾನ್ ಹಂಟರ್ ನೇಮಕಾತಿ ವಿಧಾನಗಳ ಬಗೆಗಿನ 85 ವರ್ಷಗಳ ಸಂಶೋಧನೆಯನ್ನು ಕ್ರೋಡೀಕರಿಸಿದಾಗ, ಕೆಲಸದ ಮಾದರಿಯನ್ನೇ ಕೊಟ್ಟು ಮಾಡಿಸುವ ಪರೀಕ್ಷೆ ಮತ್ತು ಮೊದಲೇ ಗೊತ್ತುಪಡಿಸಿದ ಪ್ರಶ್ನೆಗಳ ಸಂದರ್ಶನ, ಅನುಭವದ ವರ್ಷಗಳಿಗಿಂತ ಬಹಳ ಚೆನ್ನಾಗಿ ಮುಂದಿನ ಕೆಲಸವನ್ನು ಸೂಚಿಸುತ್ತವೆ ಎಂದು ಕಂಡುಬಂತು. 2022ರಲ್ಲಿ ಪಾಲ್ ಸ್ಯಾಕೆಟ್ ಮತ್ತು ಸಂಗಡಿಗರು ಆ ಲೆಕ್ಕವನ್ನು ತಿದ್ದಿ, ಹೆಚ್ಚಿನ ವಿಧಾನಗಳ ಅಂಕಿಗಳನ್ನು ಇಳಿಸಿದರು. ಆಗಲೂ ಗೊತ್ತುಪಡಿಸಿದ ಪ್ರಶ್ನೆಗಳ ಸಂದರ್ಶನ ಮೇಲೆಯೇ ಉಳಿಯಿತು, ಅನುಭವದ ವರ್ಷ ತಳದಲ್ಲೇ ಉಳಿಯಿತು.

ಭಾಷೆಯ ವಿಚಾರ ನಮ್ಮಲ್ಲಿ ಬಿಡುವಂತಿಲ್ಲ. ಮನೆಯಲ್ಲಿ ತುಳುವೋ ಹವ್ಯಕ ಕನ್ನಡವೋ ಮರಾಠಿಯೋ, ಶಾಲೆಯಲ್ಲಿ ಕನ್ನಡ, ಪೇಟೆಯಲ್ಲಿ ಮಲಯಾಳ, ಸಂದರ್ಶನ ಮಾತ್ರ ಇಂಗ್ಲಿಷ್. ಆ ಹುಡುಗಿಯ ಜೊತೆ ಇಂಗ್ಲಿಷಿನಲ್ಲೇ ಮಾತನಾಡಿದ್ದರೆ ವಾಪಸು ಮಾಲಿನ ಕಥೆ ಹೊರಗೆ ಬರುತ್ತಿರಲಿಲ್ಲ, "ಐ ಪ್ರಿಪೇರ್ಡ್ ಡ್ಯಾಶ್‌ಬೋರ್ಡ್" ಎಂಬಲ್ಲಿಗೆ ನಿಲ್ಲುತ್ತಿತ್ತು. ಹುದ್ದೆಗೆ ಇಂಗ್ಲಿಷ್ ಪತ್ರ ವ್ಯವಹಾರ ಬೇಕಿದ್ದರೆ ಅದನ್ನು ಬೇರೆಯಾಗಿ ಪರೀಕ್ಷಿಸಿ. ಎರಡನ್ನೂ ಬೆರೆಸಿದರೆ ಇಂಗ್ಲಿಷ್ ಚೆನ್ನಾಗಿ ಬರುವವರನ್ನೇ ಒಳ್ಳೆಯ ಅನಾಲಿಸ್ಟ್ ಎಂದು ಆರಿಸುತ್ತೀರಿ.

ಈ ವಿಧಾನಕ್ಕೆ ಮಿತಿ ಇದೆ. ಎಷ್ಟೋ ಕೋಟಿ ಸಾಲುಗಳ ಡೇಟಾ ಇರುವ ಕಂಪನಿಗೆ ಇನ್ನೂರು ಬಿಲ್‌ನ ಪರೀಕ್ಷೆ ಸಾಲದು, ಅಲ್ಲಿ ನಿರ್ದಿಷ್ಟ ಟೂಲ್‌ನ ಪರಿಣತಿಯೇ ಮೊದಲ ಜರಡಿಯಾಗಬೇಕಾದೀತು. ಇನ್ನು ಒಂದು ಗಂಟೆಯ ಪರೀಕ್ಷೆಯಲ್ಲಿ, ಮಾಲೀಕರಿಗೆ ಇಷ್ಟವಿಲ್ಲದ ಅಂಕಿಯನ್ನು ಎದುರು ಇಡುವ ಧೈರ್ಯ ಇದೆಯೇ ಎಂಬುದು ಗೊತ್ತಾಗುವುದಿಲ್ಲ. ಅದನ್ನು ಪ್ರೊಬೇಷನ್ ಅವಧಿಯಲ್ಲೇ ನೋಡಬೇಕು. ನಾವು ಅವಳನ್ನು ತೆಗೆದುಕೊಂಡಾಗ ಮೊದಲ ಮೂರು ತಿಂಗಳಿಗೆ ಒಂದೇ ಕೆಲಸ ಕೊಟ್ಟೆವು, ಬಾಕಿ ಪಟ್ಟಿ. ಪ್ರತಿ ಶನಿವಾರ ಪಟ್ಟಿಯ ಮೇಲಿನ ಐದು ಅಂಗಡಿಗಳಿಗೆ ಲೈನ್ ಸೇಲ್ಸ್‌ಮನ್ ಹೋಗಿ, ಅಂಗಡಿಯವರ ಪುಸ್ತಕದ ಜೊತೆ ತಾಳೆ ನೋಡಿ ಬರುವುದು. ಎಷ್ಟು ಹೊಂದಿತು, ಎಷ್ಟು ಹೊಂದಲಿಲ್ಲ ಎಂಬುದನ್ನು ಅವಳೇ ಮುಂದಿನ ಪಟ್ಟಿಯ ಕೆಳಗೆ ಬರೆಯುವುದು.

ಪ್ರಶ್ನೋತ್ತರದಲ್ಲಿ ಒಬ್ಬರು ಕೇಳಿದರು: "ಈಗಷ್ಟೇ ಪದವಿ ಮುಗಿಸಿದವರಿಗೆ ಯಾವ ಪ್ರಾಜೆಕ್ಟ್ ಬಗ್ಗೆ ಕೇಳುವುದು? ಅವರಲ್ಲಿ ಇರುವುದು ನೀವು ಹೇಳಿದ ಟೈಟಾನಿಕ್ ಮಾತ್ರ." ಪ್ರಾಜೆಕ್ಟ್ ಬಿಟ್ಟುಬಿಡಿ ಎಂದೆ. ಮನೆಯ ಅಡಿಕೆ ಮಾರಾಟದ ಲೆಕ್ಕ ಕೇಳಿ. ಹೊಸ ಚಾಲಿಯನ್ನು ಆಗಲೇ ಮಾರಿದ್ದು ಸರಿಯಾಯಿತೋ, ಹಳತಾಗುವವರೆಗೆ ಇಡಬೇಕಿತ್ತೋ ಎಂದು ಹೇಗೆ ತಿಳಿಯುತ್ತೀರಿ ಎಂದು ಕೇಳಿ. ಎರಡು ಧಾರಣೆಗಳ ವ್ಯತ್ಯಾಸವನ್ನಷ್ಟೇ ಹೇಳುವವರಿದ್ದಾರೆ. ಇಟ್ಟಾಗ ಕಡಿಮೆಯಾಗುವ ತೂಕ, ಹುಳ ಬಿದ್ದು ಹೋಗುವ ಪಾಲು, ಆ ನಡುವೆ ಸೊಸೈಟಿಯ ಸಾಲಕ್ಕೆ ಕಟ್ಟಿದ ಬಡ್ಡಿ ಇವನ್ನೆಲ್ಲ ಕಳೆಯಬೇಕು ಎನ್ನುವವರಿದ್ದಾರೆ. ಎರಡನೆಯವರಿಗೆ ಪವರ್ ಬಿಐ ಕಲಿಸುವುದು ಸುಲಭ. ತೋಟ ಇಲ್ಲದ ಮನೆಯವರಿಗೆ ಅವರಿಗೆ ಗೊತ್ತಿರುವ ಬೇರೆ ವ್ಯವಹಾರವನ್ನು ಹಿಡಿದು ಕೇಳಬೇಕು, ಇಲ್ಲದಿದ್ದರೆ ಅನ್ಯಾಯವಾಗುತ್ತದೆ.

ಇನ್ನೊಬ್ಬರದ್ದು, ಪರೀಕ್ಷೆಯನ್ನು ಮನೆಗೆ ಕೊಟ್ಟು ಕಳುಹಿಸಬಹುದೇ ಎಂಬ ಪ್ರಶ್ನೆ. ದೂರದಲ್ಲಿ ಕೆಲಸದಲ್ಲಿರುವವರಿಗೆ ಕೊಡಬಹುದು. ಆದರೆ ಎರಡು ಗಂಟೆಯಲ್ಲಿ ಮುಗಿಯುವಂತಿರಲಿ, ನಿಮ್ಮ ಕಚೇರಿಯಲ್ಲಿ ಬಾಕಿ ಬಿದ್ದ ಕೆಲಸವನ್ನು ಪರೀಕ್ಷೆ ಎಂದು ಹಂಚಬೇಡಿ. ಅಂಥದ್ದನ್ನು ಕಂಡ ಕೂಡಲೇ ಒಳ್ಳೆಯ ಅಭ್ಯರ್ಥಿ ಫೋನ್ ಎತ್ತುವುದನ್ನು ಬಿಡುತ್ತಾರೆ. ಮನೆಯಿಂದ ಮಾಡಿ ತಂದವರನ್ನು ಹತ್ತು ನಿಮಿಷ ಕೂರಿಸಿ, ಒಂದು ರಶೀದಿಯ ಮೊತ್ತವನ್ನು ಎದುರಿಗೇ ಬದಲಿಸಿ, "ಈಗ ನಿಮ್ಮ ಟಿಪ್ಪಣಿಯಲ್ಲಿ ಯಾವ ಸಾಲು ಬದಲಾಗುತ್ತದೆ?" ಎಂದು ಕೇಳಿ. ತಾವೇ ಮಾಡಿದವರು ಕಂಪ್ಯೂಟರ್ ಮುಟ್ಟುವ ಮೊದಲೇ ಆ ಅಂಗಡಿಯ ಹೆಸರು ಹೇಳುತ್ತಾರೆ.